ದೋಣಿ, ಹಾಯಿ, ಬಲೆ: ಮೂರೂ ಹೂಂ ಅನ್ನಬೇಕು

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯಲ್ಲೂ ಇರಬಹುದು, ನೆಂಟರ ಮನೆಯಲ್ಲೂ ನೋಡಿರಬಹುದು. ಗೋಡೆಯ ಮೇಲೆ ಒಂದು ಹಳೆಯ ಕಪ್ಪು ಬಿಳುಪು ಚಿತ್ರ. ಕಡಲು, ದಡ, ನಾಲ್ಕೈದು ತೆಂಗಿನಮರ, ಒಂದು ಹಾಯಿ ದೋಣಿ. ಕೆಳಗೆ ಯಾರೋ ಬರೆದಿರುತ್ತಾರೆ, ಮಲ್ಪೆ ಅಂತಲೋ ಕಾರವಾರ ಅಂತಲೋ. ಅದು ನಿಜವಾಗಿಯೂ ಆ ಊರೇನಾ? ಇದನ್ನು ಕಂಡುಹಿಡಿಯುವುದು ಹೇಗೆ ಅಂತ ಇವತ್ತು ಹೇಳುತ್ತೇನೆ.

ತೆಂಗಿನಮರ ನೋಡಿ ಊರು ಹೇಳುವವರು ಬಹಳ ಜನ. ದಯವಿಟ್ಟು ಅದನ್ನು ಬಿಟ್ಟುಬಿಡಿ. ತೆಂಗು ಕೇರಳದಲ್ಲಿದೆ, ಗೋವಾದಲ್ಲಿದೆ, ಸಿಂಹಳದಲ್ಲಿದೆ, ಆಫ್ರಿಕಾದ ದಡದಲ್ಲೂ ಇದೆ. ಚಿತ್ರದಲ್ಲಿ ನಾವು ಮಾತಾಡಿಸಬೇಕಾದ ಸಾಕ್ಷಿಗಳು ಮೂರು: ದೋಣಿ, ಹಾಯಿ, ಬಲೆ. ಮೂರೂ ಒಂದೇ ಊರಿಗೆ ಹೂಂ ಅನ್ನಬೇಕು. ಮೂರರಲ್ಲಿ ಒಂದು ಸಾಕ್ಷಿ ಉಹೂಂ ಅಂದರೂ ಆ ಊರು ಅಲ್ಲ. ನಾನು ಇವತ್ತು ಹೇಳುವುದು ಇಷ್ಟೇ.

ಒಮ್ಮೆ ಉಡುಪಿ ಕಡೆಯ ಒಬ್ಬರು ನಮ್ಮ ಮನೆಗೆ ಬಂದರು. ಕೈಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಫ್ರೇಮು. "ಮಾಷ್ಟ್ರೇ, ಇದು ನಮ್ಮ ಅಜ್ಜನ ಕಾಲದ ಮಲ್ಪೆ. ಊರಿನ ಪುಸ್ತಕಕ್ಕೆ ಹಾಕಬೇಕು ಅಂತಿದ್ದಾರೆ. ಒಮ್ಮೆ ನೀವು ನೋಡಿ ಹೇಳಿ" ಅಂದರು. ಫ್ರೇಮಿನ ಕೆಳಗೆ ಚೆಂದದ ಅಕ್ಷರದಲ್ಲಿ "ಮಲ್ಪೆ" ಅಂತ ಬರೆದಿತ್ತು.

ಚಿತ್ರ ನೋಡಿದೆ. ಮುಂದುಗಡೆ ಮರಳಿನ ದಡ. ಎಡಗಡೆ ಏಳೆಂಟು ಜನ ಸಾಲಾಗಿ ನಿಂತು ಹಗ್ಗ ಎಳೆಯುತ್ತಿದ್ದಾರೆ. ಬಲಗಡೆ ದಡಕ್ಕೆ ಎಳೆದು ಹಾಕಿದ ಒಂದು ದೋಣಿ, ಅದರ ಪಕ್ಕಕ್ಕೆ ಎರಡು ಬಾಗಿದ ಕೋಲು ಚಾಚಿ, ತುದಿಯಲ್ಲಿ ತೇಲುವ ಮರ ಕಟ್ಟಿದ್ದಾರೆ. ದೂರ ನೀರಿನಲ್ಲಿ ಅದೇ ತರಹದ ಇನ್ನೊಂದು ದೋಣಿ, ಹಾಯಿ ಏರಿಸಿಕೊಂಡು ಹೋಗುತ್ತಿದೆ.

ಅವರು ಬೆರಳಿಟ್ಟು ತೋರಿಸಿದರು. "ನೋಡಿ ಮಾಷ್ಟ್ರೇ, ರಂಪಣಿ ಎಳೀತಿದ್ದಾರೆ. ಇದು ಪಾತಿ ದೋಣಿ. ಇನ್ನೆಂಥ ಸಾಕ್ಷಿ ಬೇಕು?"

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಪಕ್ಕಕ್ಕೆ ತೇಲುಮರ ಕಟ್ಟಿದ ಪಾತಿ ನಮ್ಮ ಕರಾವಳಿಯಲ್ಲಿ ಇದೆ. ಒಂದೇ ಮರ ಕೊರೆದು ಮಾಡಿದ ದೋಣಿ ಸಪೂರ ಇರುತ್ತದೆ, ಸುಮ್ನೆ ಬಿಟ್ಟರೆ ಮಗುಚುತ್ತದೆ. ಪಕ್ಕದ ಮರ ಅದನ್ನು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ದೋಣಿ ಮಲ್ಪೆಗೆ ಹೂಂ ಅಂದಿತು.

ಬಲೆಯೂ ಹೂಂ ಅಂದಿತು. ರಂಪಣಿ ನಿಮಗೆಲ್ಲ ಗೊತ್ತು. ಕೆಲವು ರಂಪಣಿ ಒಂದು ಕಿಲೋಮೀಟರಿಗಿಂತ ಉದ್ದ. ಒಂದು ಅಗಲವಾದ ದೊಡ್ಡ ದೋಣಿ ಬಲೆ ಬಿಡುತ್ತಾ ಅರ್ಧ ಸುತ್ತು ಹಾಕಿ ದಡಕ್ಕೆ ಬರುತ್ತದೆ. ಎರಡೂ ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯುತ್ತದೆ. ಬಂಗುಡೆ, ಬೂತಾಯಿ ಹಿಂಡಾಗಿ ಸಿಕ್ಕಿದರೆ ಬಲೆಯನ್ನು ಪೂರ್ತಿ ಎಳೆಯದೆ, ನೀರಿನಲ್ಲೇ ಮೀನು ಜೀವಂತ ಇಟ್ಟುಕೊಂಡು ದಿನಾ ಸ್ವಲ್ಪ ಸ್ವಲ್ಪ ತೆಗೆದು ಮಾರುತ್ತಿದ್ದರು. 1970ರ ದಶಕದ ಕೊನೆಯ ಹೊತ್ತಿಗೆ ಕಡಲಿನಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದವು. ಅಲ್ಲಿಂದ ದೊಡ್ಡ ರಂಪಣಿ ಬೇಗ ಬೇಗ ಮರೆಯಾಯಿತು, ಸಣ್ಣ ಕೈರಂಪಣಿ ಉಳಿಯಿತು. ಆದ್ದರಿಂದ ನಮ್ಮ ದಡದಲ್ಲಿ ದೊಡ್ಡ ರಂಪಣಿ ಎಳೆಯುವ ಚಿತ್ರ ಸಿಕ್ಕಿದರೆ ಅದು ಊರಿನ ಜೊತೆಗೆ ಕಾಲವನ್ನೂ ಹೇಳುತ್ತದೆ.

ಇಲ್ಲೇ ಎಡವುವುದು. ದಡದಿಂದ ಎಳೆಯುವ ಉದ್ದನೆಯ ಬಲೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಗೋವಾದಲ್ಲಿದೆ, ಕೇರಳದಲ್ಲಿದೆ, ಸಿಂಹಳದಲ್ಲಿದೆ. ಚಿತ್ರದಲ್ಲಿ ಕಾಣುವುದು ಹಗ್ಗ ಮತ್ತು ಜನ, ಅಷ್ಟೇ. ಬಲೆ ಹೂಂ ಅಂದಿದ್ದು ನಿಜ, ಆದರೆ ಅದು ನಾಲ್ಕು ಊರಿಗೆ ಹೂಂ ಅನ್ನುವ ಸಾಕ್ಷಿ.

ಹಾಗಾದರೆ ಮೂರನೆಯವನನ್ನು ಕೇಳಬೇಕು, ಅಲ್ವಾ? ಭೂತಗನ್ನಡಿ ತಂದು ದೂರದ ದೋಣಿಯ ಹಾಯಿ ನೋಡಿದೆ. ಹಾಯಿ ಚೌಕ. ಬಾಗಿಲಿಗೆ ಇಳಿಬಿಟ್ಟ ಪರದೆಯ ಹಾಗೆ, ಎತ್ತರಕ್ಕೆ. ದೋಣಿಯ ನಡುವಿನಿಂದ ಎರಡು ಕಂಬ ಕವೆಯ ಹಾಗೆ ಅಗಲಿಸಿ ಮೇಲೆದ್ದಿವೆ, ಅವುಗಳ ಮಧ್ಯೆ ಬಟ್ಟೆ ಹರಡಿದೆ. ನಮ್ಮ ಕಡೆಯ ಮಚ್ವೆ, ಮಂಜಿಗಳ ಹಾಯಿ ನೆನಪು ಮಾಡಿಕೊಳ್ಳಿ. ಒಂದು ಕಂಬ, ಅದಕ್ಕೆ ಅಡ್ಡ ಓರೆಯಾಗಿ ಕಟ್ಟಿದ ಉದ್ದನೆಯ ಕೋಲು, ದೂರದಿಂದ ಮೂರು ಮೂಲೆಯಾಗಿ ಕಾಣುವ ಬಟ್ಟೆ. ಪಾತಿಯಂತೂ ಇಬ್ಬರು ಮೂವರು ಕೂತು ಹುಟ್ಟು ಹಾಕುವ ಸಣ್ಣ ದೋಣಿ. ಅಷ್ಟು ಎತ್ತರದ ಚೌಕ ಹಾಯಿ ಅದಕ್ಕಲ್ಲ.

ಹಾಯಿ ಉಹೂಂ ಅಂದಿತು. ಅಲ್ಲಿಗೆ ಮಲ್ಪೆ ಅಲ್ಲ.

ಆಮೇಲೆ ದಡದ ದೋಣಿಯನ್ನೂ ಇನ್ನೊಮ್ಮೆ ನೋಡಿದೆ. ಕೆಳಗೆ ಕೊರೆದ ಮರ, ಅದರ ಮೇಲೆ ಎರಡು ಕಡೆಯೂ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಹೊಲಿದಿದ್ದಾರೆ. ಬಾಯಿ ಎಷ್ಟು ಕಿರಿದು ಅಂದರೆ ಒಬ್ಬ ಮನುಷ್ಯ ಕಾಲು ಇಳಿಬಿಟ್ಟು ಕೂರಬಹುದು, ಅಷ್ಟೇ. ಮುಂದೂ ಹಿಂದೂ ಒಂದೇ ಆಕಾರ. ಇದು ಸಿಂಹಳದ ಓರು ದೋಣಿ. ಅದರ ಎರಡೂ ತುದಿ ಒಂದೇ ತರಹ ಇರಲು ಕಾರಣ ಇದೆ. ಪಕ್ಕದ ತೇಲುಮರ ಯಾವಾಗಲೂ ಗಾಳಿ ಬರುವ ಕಡೆಗೇ ಇರಬೇಕು. ಹಾಗಾಗಿ ದಿಕ್ಕು ಬದಲಿಸಬೇಕಾದರೆ ಅವರು ದೋಣಿ ತಿರುಗಿಸುವುದಿಲ್ಲ, ಹಾಯಿಯನ್ನು ಹೊರಳಿಸುತ್ತಾರೆ. ಹಿಂದಿನ ತುದಿಯೇ ಮುಂದಿನದಾಗುತ್ತದೆ. ಗಾಳಿ ಜೋರಾದರೆ ಒಬ್ಬ ಮನುಷ್ಯ ಎದ್ದು ಪಕ್ಕದ ಕೋಲಿನ ಮೇಲೆ ಹೋಗಿ ನಿಲ್ಲುತ್ತಾನೆ, ಭಾರಕ್ಕೆ. ಇನ್ನೂ ಜೋರಾದರೆ ಇನ್ನೊಬ್ಬ. ನಮ್ಮ ಚಿತ್ರದ ದೂರದ ದೋಣಿಯಲ್ಲೂ ಒಬ್ಬ ಹಾಗೇ ನಿಂತಿದ್ದ, ಹಾಯಿಯ ಹಗ್ಗ ಹಿಡಿದುಕೊಂಡು. ಅಷ್ಟು ವರ್ಷ ಆ ಮನೆಯವರು ಅದನ್ನು ಹಕ್ಕಿ ಅಂದುಕೊಂಡಿದ್ದರು.

ಬಂದವರಿಗೆ ಬೇಸರವಾಯಿತು. "ಕೆಳಗೆ ಬರೆದದ್ದು ಸುಳ್ಳಾ ಮಾರಾಯ್ರೇ?" ಅಂತ ಕೇಳಿದರು. ಫ್ರೇಮು ಬಿಚ್ಚೋಣ ಅಂದೆ. ಹಿಂದಿನ ರಟ್ಟು ತೆಗೆದಾಗ ಗೊತ್ತಾಯಿತು, ಅದು ಫೋಟೋ ಅಲ್ಲ, ಅಂಚೆ ಕಾರ್ಡು. ಹಿಂದೆ ಇಂಗ್ಲಿಷಿನಲ್ಲಿ ಸಿಲೋನ್ ಅಂತ ಅಚ್ಚಾಗಿತ್ತು. ವಿಳಾಸದ ಜಾಗದಲ್ಲಿ ಅಜ್ಜನ ಅಕ್ಷರ, ಕೊನೆಯ ಸಾಲು ಮಲ್ಪೆ. ಅಜ್ಜ ನಾಲ್ಕು ವರ್ಷ ಕೊಲಂಬೋದಲ್ಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರಂತೆ. ಕಾರ್ಡು ಹೋಗಿ ಸೇರಿದ ಊರಿನ ಹೆಸರನ್ನು ಫ್ರೇಮು ಹಾಕಿದವರು ಚಿತ್ರದ ಊರು ಅಂದುಕೊಂಡು ಮುಂದೆ ಬರೆದಿದ್ದರು. ಹಳೆಯ ಕಾರ್ಡುಗಳಲ್ಲಿ ಈ ತಪ್ಪು ನಾನು ಎಷ್ಟೋ ಸಲ ನೋಡಿದ್ದೇನೆ. ಬರವಣಿಗೆಯನ್ನು ಕೊನೆಗೆ ಓದಿ. ಮೊದಲು ದೋಣಿ, ಹಾಯಿ, ಬಲೆ.

ಈ ಕಥೆಗೇ ಸಮಯ ಜಾಸ್ತಿ ಹಿಡಿಯಿತು. ಪೂರ್ವ ಕರಾವಳಿಯನ್ನು ಮಾತ್ರ ಬಿಡುವ ಹಾಗಿಲ್ಲ.

ಮದ್ರಾಸಿನ ದಡಕ್ಕೆ ಕಡಲು ನೇರವಾಗಿ ಬಂದು ಬಡಿಯುತ್ತದೆ. ನಮ್ಮಲ್ಲಿ ಅಳಿವೆಗಳಿವೆ, ದೋಣಿ ಒಳಗೆ ಬಂದು ತಣ್ಣಗೆ ನಿಲ್ಲಬಹುದು. ಅಲ್ಲಿ ಮುರಿಯುವ ಅಲೆಯನ್ನು ದಾಟಿಯೇ ಹೋಗಬೇಕು, ದಾಟಿಯೇ ಬರಬೇಕು. ಟೊಳ್ಳು ದೋಣಿಯಾದರೆ ನೀರು ತುಂಬುತ್ತದೆ. ಅದಕ್ಕೇ ಕಟ್ಟುಮರ. ಹೆಸರೇ ಹೇಳುತ್ತದೆ, ಕಟ್ಟಿದ ಮರ. ಹಗುರ ಮರದ ದಿಮ್ಮಿಗಳನ್ನು ಸೇರಿಸಿ ಹಗ್ಗದಲ್ಲಿ ಬಿಗಿಯುತ್ತಾರೆ. ಒಳಗು ಅನ್ನುವುದೇ ಇಲ್ಲ, ತುಂಬುವುದೆಲ್ಲಿಗೆ? ಮೀನು ಹಿಡಿದು ಬಂದ ಮೇಲೆ ಕಟ್ಟು ಬಿಚ್ಚಿ ದಿಮ್ಮಿಗಳನ್ನು ಮರಳಿನ ಮೇಲೆ ಒಣಗಲು ಹಾಕುತ್ತಾರೆ. ನೀರು ಕುಡಿದ ಮರ ಸರಿಯಾಗಿ ತೇಲುವುದಿಲ್ಲ. ಹಾಗಾಗಿ ಹಳೆಯ ಚಿತ್ರದಲ್ಲಿ ದಡದ ಮೇಲೆ ಸೌದೆಯಂತೆ ದಿಮ್ಮಿ ಬಿದ್ದಿದ್ದರೆ, ಅದು ಸೌದೆಯಲ್ಲ, ಬಿಚ್ಚಿಟ್ಟ ದೋಣಿ. ಅದೇ ದಡದ ಇನ್ನೊಂದು ದೋಣಿ ಮಸೂಲಾ. ಎತ್ತರದ ಗೋಡೆ, ಒಳಗೆ ಪಕ್ಕೆಲುಬಿನಂಥ ಅಡ್ಡಮರಗಳೇ ಇಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಅಲೆ ಹೊಡೆದರೆ ಮುರಿಯುವುದಿಲ್ಲ, ಬಾಗುತ್ತದೆ.

ಆದರೆ ಕಟ್ಟುಮರ ಕಂಡ ಕೂಡಲೇ ಮದ್ರಾಸು ಅನ್ನಬೇಡಿ! ತಿರುವನಂತಪುರದ ಕಡೆಯ ದಡದಲ್ಲೂ ಅಲೆ ಹಾಗೇ ಬಡಿಯುತ್ತದೆ, ಅಲ್ಲೂ ಕಟ್ಟುಮರ ಇದೆ. ಮತ್ತೆ ಹೇಳುತ್ತೇನೆ, ಒಂದು ಸಾಕ್ಷಿ ಸಾಲದು.

ಮುಂಬಯಿ ಕಡೆಯದಾದರೆ ಬಲೆಯನ್ನೇ ಮೊದಲು ನೋಡಿ. ಅಲ್ಲಿನ ಡೋಲ್ ಬಲೆ ಉದ್ದನೆಯ ಚೀಲ. ಅದನ್ನು ನೀರಿನಲ್ಲಿ ಒಂದು ಕಡೆ ಕಟ್ಟಿ ನಿಲ್ಲಿಸುತ್ತಾರೆ, ಭರತ ಇಳಿತದ ಸೆಳೆತವೇ ಮೀನನ್ನು ಒಳಗೆ ತಳ್ಳುತ್ತದೆ. ಅಲ್ಲಿ ದೊಡ್ಡ ಭರತದ ದಿನ ನೀರು 5 ಮೀಟರಿನ ಹತ್ತಿರ ಏರಿಳಿಯುತ್ತದೆ, ಮಂಗಳೂರಿನಲ್ಲಿ 2 ಮೀಟರೂ ಇಲ್ಲ. ದಡದಲ್ಲಿ ಬಿದಿರಿನ ಚಪ್ಪರ, ಅದರ ತುಂಬ ಬಾಯಿಗೆ ಬಾಯಿ ಸಿಕ್ಕಿಸಿ ನೇತುಹಾಕಿದ ಬೊಂಬಿಲ್ ಮೀನು ಕಂಡರೆ ಅದು ಮುಂಬಯಿ ಇಲ್ಲವೇ ಗುಜರಾತಿನ ಕಡೆಯ ದಡ.

ಇವೆಲ್ಲ ಹಳೆಯ ಚಿತ್ರಗಳ ಮಾತು. ಫೈಬರ್ ದೋಣಿ ಬಂದ ಮೇಲೆ ಎಲ್ಲ ದಡದ ದೋಣಿಗಳೂ ಒಂದೇ ಅಚ್ಚಿನಲ್ಲಿ ಎರೆದಂತೆ ಕಾಣುತ್ತವೆ, ಹಾಯಿ ಇಲ್ಲವೇ ಇಲ್ಲ. ಈಗಿನ ಚಿತ್ರವಾದರೆ ದೋಣಿಯ ಮೈಮೇಲೆ ಬಣ್ಣದಲ್ಲಿ ಬರೆದ ನೋಂದಣಿ ನಂಬರು ಓದಿ. ಅದರಲ್ಲಿ ಕೆಎ ಇದ್ದರೆ ನಮ್ಮದು, ಟಿಎನ್ ಇದ್ದರೆ ತಮಿಳುನಾಡಿನದು.

ಕೊನೆಗೆ ಒಳನಾಡಿನವರಿಗೆ ಒಂದು ಮಾತು. ಬುಟ್ಟಿಯಂಥ ಗುಂಡನೆಯ ದೋಣಿ ಕಂಡರೆ ಎಲ್ಲರೂ ಹಂಪಿ ಅನ್ನುತ್ತಾರೆ. ವಿಯೆಟ್ನಾಮಿನ ಕಡಲ ದಡದಲ್ಲೂ ಅಂಥ ಬುಟ್ಟಿದೋಣಿ ಇದೆ. ಒಳಮೈ ನೋಡಿ. ನಮ್ಮ ತುಂಗಭದ್ರೆಯ ಹರಿಗೋಲಿನಲ್ಲಿ ಬಿದಿರಿನ ಸೀಳುಗಳ ಮಧ್ಯೆ ದೊಡ್ಡ ದೊಡ್ಡ ಕಿಂಡಿ ಇರುತ್ತದೆ. ನೀರು ತಡೆಯುವುದು ಹೊರಗಿನ ಹೊದಿಕೆ, ಹಿಂದೆ ತೊಗಲು, ಈಗ ಡಾಂಬರು ಬಳಿದ ಪ್ಲಾಸ್ಟಿಕ್ಕು. ವಿಯೆಟ್ನಾಮಿನದು ಮೊರದ ಹಾಗೆ ಒತ್ತೊತ್ತಾಗಿ ಹೆಣೆದದ್ದು, ಸಗಣಿ ಮತ್ತು ಮರದ ಅಂಟು ಬಳಿದು ಗಟ್ಟಿ ಮಾಡಿದ್ದು. ಒಳಮೈ ಕಾಣದಿದ್ದರೆ ಹುಟ್ಟು ಹಾಕುವವನ ಹಿಂದೆ ನೋಡಿ. ಅಲ್ಲಿ ಅಲೆ ಮುರಿಯುತ್ತಿದ್ದರೆ ಅದು ತುಂಗಭದ್ರೆ ಅಲ್ಲ.

ನಮಸ್ಕಾರ.