ಹೊಟ್ಟೆಹುಳ ಹೊಟ್ಟೆ ಸೇರುವ ಮೊದಲೇ ಕೆಮ್ಮು ಏಕೆ?

[ತೆರೆ: ಕಪ್ಪು ಹಿನ್ನೆಲೆ. "1922, ಜಪಾನ್" ಎಂಬ ಅಕ್ಷರಗಳು]

ಶಿಮೇಸು ಕೊಯಿನೊ ಎಂಬ ಜಪಾನಿನ ವೈದ್ಯ 1922ರಲ್ಲಿ ತನ್ನ ಮೇಲೆಯೇ ಒಂದು ಪ್ರಯೋಗ ಮಾಡಿಕೊಂಡ. ಮನುಷ್ಯರ ಕರುಳಿನಲ್ಲಿರುವ ದುಂಡುಹುಳ, ಅಂದರೆ ಆಸ್ಕರಿಸ್‌ನ 2000 ಮೊಟ್ಟೆಗಳನ್ನು ನುಂಗಿಬಿಟ್ಟ. ತಮ್ಮನಿಗೆ ಹಂದಿಯ ಆಸ್ಕರಿಸ್‌ನ 500 ಮೊಟ್ಟೆ ಕೊಟ್ಟ. ಆ ತಮ್ಮ ಇದಕ್ಕೆ ಹೇಗೆ ಒಪ್ಪಿದನೋ, ದೇವರೇ ಬಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ ಕೊಯಿನೊ ಹಾಸಿಗೆ ಹಿಡಿದಿದ್ದ. ಹೊಟ್ಟೆನೋವಿನಿಂದ ಅಲ್ಲ. ಜ್ವರ, ಕೆಮ್ಮು, ಉಸಿರಾಟದ ಕಷ್ಟ. ನ್ಯುಮೋನಿಯಾ ಬಂದವರ ಹಾಗೆಯೇ ಇದ್ದ. ಅವನು ಕೆಮ್ಮಿ ಉಗಿದ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿ ಆಸ್ಕರಿಸ್ ಮರಿಗಳು ಹೊರಳಾಡುತ್ತಿದ್ದವು. ನುಂಗಿದ್ದು ಬಾಯಿಂದ, ಹೋಗಿದ್ದು ಹೊಟ್ಟೆಗೆ. ಮತ್ತೆ ಕಫದಲ್ಲಿ ಹುಳ ಬಂದದ್ದು ಎಲ್ಲಿಂದ?

[ತೆರೆ: ಮನುಷ್ಯ ದೇಹದ ಸರಳ ಚಿತ್ರ. ಬಾಯಿಂದ ಸಣ್ಣ ಕರುಳಿನವರೆಗೆ ಒಂದು ಗೆರೆ]

ಮೊಟ್ಟೆಯಿಂದ ಶುರು ಮಾಡೋಣ. ಬೆಳೆದ ಹೆಣ್ಣು ಹುಳ ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಅವೆಲ್ಲ ಮಲದ ಜೊತೆ ಹೊರಗೆ ಬರುತ್ತವೆ. ಆದರೆ ಹೊಸದಾಗಿ ಹೊರಬಿದ್ದ ಮೊಟ್ಟೆಯಿಂದ ಯಾರಿಗೂ ಏನೂ ಆಗುವುದಿಲ್ಲ. ಅದು ನೆರಳಿರುವ, ತೇವ ಇರುವ ಬೆಚ್ಚನೆಯ ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಕಳೆಯಬೇಕು. ಆಗ ಮಾತ್ರ ಒಳಗೆ ಸೋಂಕು ತರಬಲ್ಲ ಮರಿ ತಯಾರಾಗುತ್ತದೆ. ಹಾಗಾಗಿ ಈ ಹುಳ ಒಬ್ಬರಿಂದ ಇನ್ನೊಬ್ಬರಿಗೆ ನೇರವಾಗಿ ಅಂಟುವುದಿಲ್ಲ, ಮಣ್ಣಿನ ಮೂಲಕವೇ ಬರಬೇಕು. ಬೆಲ್ಲ, ಸಿಹಿ ಜಾಸ್ತಿ ತಿಂದರೆ ಜಂತುಹುಳ ಆಗುತ್ತದೆ ಅಂತ ಮನೆಯಲ್ಲಿ ಹೇಳುತ್ತಾರಲ್ವಾ? ಮಣ್ಣಾದ ಕೈಯಲ್ಲಿ ಬೆಲ್ಲ ತಿಂದಿದ್ದರೆ ತಪ್ಪು ಆ ಕೈಯದ್ದು, ಬೆಲ್ಲದ್ದಲ್ಲ.

ಸರಿ, ಮಾಗಿದ ಮೊಟ್ಟೆ ತೊಳೆಯದ ಸೊಪ್ಪಿನ ಜೊತೆಯೋ ಉಗುರಿನ ಸಂದಿಯ ಮಣ್ಣಿನ ಜೊತೆಯೋ ಒಳಗೆ ಹೋಯಿತು ಅಂದುಕೊಳ್ಳಿ. ದೇಹದ ಬಿಸಿ ಮತ್ತು ಕರುಳಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸಿಕ್ಕ ಕೂಡಲೇ ಮರಿಗೆ ಜಾಗ ಗೊತ್ತಾಗುತ್ತದೆ. ಅದು ಮೊಟ್ಟೆಯಿಂದ ಹೊರಬರುತ್ತದೆ. ಉದ್ದ ಕಾಲು ಮಿಲಿಮೀಟರ್ ಇದ್ದರೆ ಹೆಚ್ಚು. ಬರಿಗಣ್ಣಿಗೆ ಕಾಣುವುದು ಕಷ್ಟ.

ಮುಂದೆ ಬದುಕಬೇಕಾದ ಕರುಳಿಗೇ ಅದು ಬಂದು ಸೇರಿದೆ. ಅಲ್ಲೇ ಉಳಿಯಬಹುದಿತ್ತು. ಉಳಿಯುವುದಿಲ್ಲ. ಕರುಳಿನ ಗೋಡೆ ಕೊರೆದು ರಕ್ತನಾಳದೊಳಗೆ ನುಗ್ಗುತ್ತದೆ.

[ತೆರೆ: ಕರುಳಿನಿಂದ ಲಿವರ್‌ಗೆ ಹೋಗುವ ರಕ್ತನಾಳ ನೀಲಿ ಬಣ್ಣದಲ್ಲಿ ಬೆಳಗುತ್ತದೆ]

ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಲಿವರ್‌ಗೆ ಹೋಗುತ್ತದೆ. ತಿಂದ ಆಹಾರದ ಸಾರದ ಬಹುಪಾಲು ಅಲ್ಲಿ ತಪಾಸಣೆ ಆಗಿಯೇ ಮುಂದೆ ಹೋಗಬೇಕು. ಮರಿಹುಳವೂ ಅದೇ ದಾರಿಯಲ್ಲಿ, ಮೊದಲ ಕೆಲವು ದಿನಗಳಲ್ಲೇ ಲಿವರ್ ಸೇರುತ್ತದೆ. ಅಲ್ಲಿ ಸುಮ್ನೆ ಕೂರುವುದಿಲ್ಲ, ಲಿವರ್‌ನ ಅಂಗಾಂಶವನ್ನು ಸೀಳಿಕೊಂಡು ಆಚೆ ಕಡೆಯ ರಕ್ತನಾಳ ಹುಡುಕುತ್ತದೆ. ಎಷ್ಟೋ ಮರಿಗಳು ಇಲ್ಲೇ ದೇಹದ ರಕ್ಷಣಾ ಕಣಗಳಿಗೆ ಸಿಕ್ಕಿ ಸಾಯುತ್ತವೆ. ಸೋಂಕು ತಗುಲಿದ ಹಂದಿಯ ಲಿವರ್ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಚ್ಚೆಗಳಿರುತ್ತವೆ. ಮಾಂಸ ತಪಾಸಣೆ ಮಾಡುವವರಿಗೆ ಇದು ಗೊತ್ತಿರುವ ಗುರುತು. ಹುಳ ಹಾದು ಹೋದ ಗಾಯ ಮಾಯುವಾಗ ಉಳಿಯುವ ಕಲೆ ಅದು. ಮನುಷ್ಯರಲ್ಲಿ ಲಿವರ್‌ನ ಈ ಹಂತ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ.

ತಪ್ಪಿಸಿಕೊಂಡ ಮರಿಗಳು ಲಿವರ್‌ನಿಂದ ಹೊರಡುವ ದೊಡ್ಡ ರಕ್ತನಾಳ ಸೇರಿ ಹೃದಯದ ಬಲಭಾಗಕ್ಕೆ ಬರುತ್ತವೆ. ಇಲ್ಲಿಯ ನಾಳಗಳು ಅಗಲವಾಗಿವೆ, ಯಾವ ಅಡ್ಡಿಯೂ ಇಲ್ಲ. ಹೃದಯ ಒಮ್ಮೆ ಬಡಿದರೆ ಸಾಕು, ರಕ್ತದ ಜೊತೆ ಮರಿಯೂ ಶ್ವಾಸಕೋಶದ ಕಡೆ ಹೊರಡುತ್ತದೆ.

[ತೆರೆ: ಶ್ವಾಸಕೋಶ. ನಾಳಗಳು ಕವಲೊಡೆದು ಸಣ್ಣದಾಗುತ್ತಾ ಹೋಗುತ್ತವೆ]

ಇಲ್ಲಿ ಸ್ವಲ್ಪ ನಿಲ್ಲೋಣ. ಕೆಮ್ಮಿನ ಕಾರಣ ಇರುವುದು ಇಲ್ಲೇ.

ಶ್ವಾಸಕೋಶಕ್ಕೆ ಬಂದ ನಾಳ ಕವಲೊಡೆಯುತ್ತಾ ಕೊನೆಗೆ ಕೂದಲಿಗಿಂತ ತೆಳುವಾದ ಲೋಮನಾಳ ಆಗುತ್ತದೆ. ಅದರ ಒಳ ಅಗಲ ಸುಮಾರು 7–8 ಮೈಕ್ರಾನ್. ಒಂದು ಕೆಂಪು ರಕ್ತಕಣ ಹಿಸುಕಿಕೊಂಡು ಹೋಗುವಷ್ಟು ಜಾಗ. ಮೊಟ್ಟೆಯಿಂದ ಆಗತಾನೆ ಹೊರಬಂದ ಮರಿಯೇ ಸುಮಾರು 14 ಮೈಕ್ರಾನ್ ದಪ್ಪ. ದಾರಿಯಲ್ಲಿ ಇನ್ನೂ ದಪ್ಪಗಾಗಿರುತ್ತದೆ. ಹಾಗಾಗಿ ಶ್ವಾಸಕೋಶ ಅದಕ್ಕೊಂದು ಜರಡಿ ಇದ್ದ ಹಾಗೆ. ರಕ್ತ ಸೋರಿಹೋಗುತ್ತದೆ, ಹುಳ ಸಿಕ್ಕಿಬೀಳುತ್ತದೆ.

ಸಿಕ್ಕಿಬಿದ್ದ ಮರಿ ನಾಳವನ್ನು ಒಡೆಯುತ್ತದೆ. ಲೋಮನಾಳದ ಪಕ್ಕದಲ್ಲೇ ಗಾಳಿಯ ಪುಟ್ಟ ಗೂಡು ಇದೆ, ನಡುವೆ ಇರುವುದು ಬಹಳ ತೆಳುವಾದ ಪೊರೆ. ಉಸಿರಿನ ಗಾಳಿ ರಕ್ತಕ್ಕೆ ಸೇರಲಿ ಅಂತಲೇ ಅದು ಅಷ್ಟು ತೆಳು. ಮರಿ ಆ ಪೊರೆ ಹರಿದು ಗಾಳಿಗೂಡಿಗೆ ಬರುತ್ತದೆ. ಹರಿದ ಕಡೆ ಚೂರು ರಕ್ತ ಜಿನುಗುತ್ತದೆ, ನೀರು ತುಂಬುತ್ತದೆ. ಕೆಲವರ ಕಫದಲ್ಲಿ ರಕ್ತದ ಎಳೆ ಕಾಣುವುದು ಇದಕ್ಕೇ.

ಆದರೆ ಹೆಚ್ಚಿನ ತೊಂದರೆ ಈ ಗಾಯದಿಂದಲ್ಲ, ದೇಹ ಅದಕ್ಕೆ ಕೊಡುವ ಉತ್ತರದಿಂದ. ಮರಿಹುಳ ಮೈಯಿಂದ ಒಸರಿಸುವ ಪದಾರ್ಥಗಳು ಅಲರ್ಜಿ ಎಬ್ಬಿಸುವುದರಲ್ಲಿ ಜೋರು. ಅದನ್ನು ಕಂಡ ದೇಹ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಗುಂಪುಗುಂಪಾಗಿ ಕಳಿಸುತ್ತದೆ. ಒಂದು ಸೂಕ್ಷ್ಮಾಣುವನ್ನು ನುಂಗಿ ಮುಗಿಸಬಹುದು, ಆದರೆ ಹುಳ ತೀರಾ ದೊಡ್ಡದು. ಹಾಗಾಗಿ ಈ ಕಣಗಳು ಅದರ ಮೈಮೇಲೆ ವಿಷಕಾರಿ ಪ್ರೋಟೀನ್ ಸುರಿಯುತ್ತವೆ. ಆ ಪ್ರೋಟೀನ್ ಪಕ್ಕದ ನಮ್ಮ ಅಂಗಾಂಶವನ್ನೂ ಸುಡುತ್ತದೆ. ಶ್ವಾಸನಾಳ ಊದಿಕೊಳ್ಳುತ್ತದೆ, ಬಿಗಿಯುತ್ತದೆ. ಒಣಕೆಮ್ಮು, ಎದೆಯಲ್ಲಿ ಉರಿ, ಉಬ್ಬಸದವರ ಥರ ಸುಂಯ್ ಅನ್ನುವ ಉಸಿರು, ಸಣ್ಣ ಜ್ವರ, ಎಲ್ಲ ಇದರ ಫಲ.

ಇಷ್ಟೆಲ್ಲ ಆಗಿಯೂ ಮರಿ ಅಲ್ಲಿ ಕೆಲವು ದಿನ ಇದ್ದು ಬೆಳೆಯುತ್ತದೆ. ಆಮೇಲೆ ಶ್ವಾಸನಾಳದಲ್ಲಿ ಮೇಲಕ್ಕೆ ಏರುತ್ತದೆ. ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಅಲ್ಲಿವೆ, ಅವು ಇದನ್ನೂ ತಳ್ಳುತ್ತವೆ. ಹುಳವನ್ನು ಹೊರಹಾಕಲು ಬರುವ ಕೆಮ್ಮೇ ಅದನ್ನು ಗಂಟಲಿಗೆ ಮುಟ್ಟಿಸುತ್ತದೆ. ಗಂಟಲಿಗೆ ಬಂದ ಕಫವನ್ನು ನಾವು ಎಲ್ಲ ಸಲ ಉಗಿಯುತ್ತೇವಾ? ನುಂಗುತ್ತೇವೆ. ಮರಿ ಎರಡನೇ ಸಲ ಹೊಟ್ಟೆಗಿಳಿಯುತ್ತದೆ. ಈ ಸಲ ಕರುಳಿನಲ್ಲೇ ನೆಲೆ ನಿಲ್ಲುತ್ತದೆ.

ಇಷ್ಟು ಸುತ್ತಾಟ ಯಾಕೆ ಬೇಕಿತ್ತು? ಈ ಹುಳದ ಪೂರ್ವಜರು ಚರ್ಮ ಕೊರೆದು ಒಳಬರುತ್ತಿದ್ದವು, ಹಳೇ ದಾರಿಯ ಅಭ್ಯಾಸ ಉಳಿದಿದೆ ಎನ್ನುವವರಿದ್ದಾರೆ. ಹೀಗೆ ಅಂಗಾಂಶದೊಳಗೆ ಸುತ್ತಿ ಬರುವ ಹುಳಗಳು ಸುತ್ತದೇ ಇರುವ ಸಂಬಂಧಿಗಳಿಗಿಂತ ದೊಡ್ಡದಾಗಿ ಬೆಳೆಯುತ್ತವೆ, ಲಾಭ ಅಲ್ಲಿದೆ ಎನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ. ಇಷ್ಟು ಅಪಾಯದ ದಾರಿ ಬರೀ ಅಭ್ಯಾಸಬಲದಿಂದ ಉಳಿಯುವುದು ಕಷ್ಟ.

[ತೆರೆ: ಕ್ಯಾಲೆಂಡರ್. ಜೂನ್, ಜುಲೈ, ಆಗಸ್ಟ್]

ಈಗ ಕ್ಯಾಲೆಂಡರ್ ಇಟ್ಟುಕೊಂಡು ಲೆಕ್ಕ ಹಾಕೋಣ. ಒಂದು ಮಗು ಜೂನ್ 1ರಂದು ಮೊಟ್ಟೆ ನುಂಗಿತು. ಮೊದಲ ವಾರ ಮರಿಗಳು ಲಿವರ್ ದಾಟುತ್ತಿರುತ್ತವೆ, ಮಗು ಆಡಿಕೊಂಡಿರುತ್ತದೆ. ಜೂನ್ 10ರ ಹೊತ್ತಿಗೆ ಕೆಮ್ಮು ಶುರು. ಡಾಕ್ಟರ್ ಹತ್ತಿರ ಹೋದರೆ ಎಕ್ಸ್‌ರೇಯಲ್ಲಿ ಅಲ್ಲಲ್ಲಿ ಮಬ್ಬು ಮಚ್ಚೆ. ನಾಲ್ಕು ದಿನ ಬಿಟ್ಟು ತೆಗೆದರೆ ಆ ಮಚ್ಚೆ ಮಾಯ, ಬೇರೆ ಕಡೆ ಹೊಸದು. ಹೀಗೆ ಜಾಗ ಬದಲಿಸುವ ಮಚ್ಚೆ ಮತ್ತು ರಕ್ತದಲ್ಲಿ ಏರಿದ ಇಯೊಸಿನೊಫಿಲ್, ಎರಡನ್ನೂ ಜೋಡಿಸಿ 1932ರಲ್ಲಿ ವಿವರಿಸಿದ್ದು ಸ್ವಿಟ್ಜರ್ಲೆಂಡಿನ ವಿಲ್‌ಹೆಲ್ಮ್ ಲೊಫ್ಲರ್. ಈಗಲೂ ಅದನ್ನು ಲೊಫ್ಲರ್ ಸಿಂಡ್ರೋಮ್ ಅನ್ನುತ್ತಾರೆ.

ಯಾರೋ ಜಾಣರು ಮಲ ಪರೀಕ್ಷೆಯನ್ನೂ ಮಾಡಿಸುತ್ತಾರೆ. "ಮೊಟ್ಟೆ ಇಲ್ಲ" ಅಂತ ವರದಿ ಬರುತ್ತದೆ. ಲ್ಯಾಬ್‌ನವರ ತಪ್ಪಲ್ಲ. ಮೊಟ್ಟೆ ಇಡಬೇಕಾದ ಹೆಣ್ಣು ಇನ್ನೂ ಮಿಲಿಮೀಟರ್ ಲೆಕ್ಕದ ಮರಿ, ಅದೂ ಶ್ವಾಸಕೋಶದಲ್ಲಿದೆ. ಅದು ಕರುಳಿಗೆ ಬಂದು ಬೆಳೆದು ಮೊಟ್ಟೆ ಇಡಲು ನುಂಗಿದ ದಿನದಿಂದ ಎರಡರಿಂದ ಮೂರು ತಿಂಗಳು ಬೇಕು. ಅಂದರೆ ಆಗಸ್ಟ್. ಅಷ್ಟರಲ್ಲಿ ಕೆಮ್ಮು ನಿಂತು ಎಷ್ಟೋ ವಾರ ಆಗಿರುತ್ತದೆ, ಮರೆತೂ ಹೋಗಿರುತ್ತದೆ. ಕೆಮ್ಮು ಇದ್ದಾಗ ಮೊಟ್ಟೆ ಇಲ್ಲ, ಮೊಟ್ಟೆ ಬಂದಾಗ ಕೆಮ್ಮು ಇಲ್ಲ. ಎರಡಕ್ಕೂ ಸಂಬಂಧ ಕಲ್ಪಿಸುವುದು ಕಷ್ಟವಾಗಿದ್ದು ಇದರಿಂದಲೇ. ಕೆಮ್ಮಿನ ದಿನಗಳಲ್ಲಿ ಗಟ್ಟಿ ಸಾಕ್ಷಿ ಬೇಕೆಂದರೆ ಕಫದಲ್ಲೋ ಹೊಟ್ಟೆಯಿಂದ ತೆಗೆದ ದ್ರವದಲ್ಲೋ ಮರಿಯೇ ಸಿಗಬೇಕು. ಸಿಗುವುದು ಅಪರೂಪ.

ಕೊಯಿನೊ ವಿಷಯದಲ್ಲೂ ಕ್ಯಾಲೆಂಡರ್ ಹೀಗೇ ನಡೆಯಿತು. ಸುಮಾರು 50 ದಿನದ ನಂತರ ಜಂತಿನ ಔಷಧಿ ತೆಗೆದುಕೊಂಡ. 600ಕ್ಕೂ ಹೆಚ್ಚು ಎಳೆಯ ಹುಳಗಳು ಹೊರಬಿದ್ದವು. ಅದಕ್ಕೂ ಮೊದಲು, 1916ರಲ್ಲಿ, ಎಫ್. ಎಚ್. ಸ್ಟೀವರ್ಟ್ ಎಂಬ ಬ್ರಿಟಿಷ್ ವೈದ್ಯ ಇಲಿಗಳ ಶ್ವಾಸಕೋಶದಲ್ಲಿ ಈ ಮರಿಗಳನ್ನು ಕಂಡಿದ್ದ. ಮನುಷ್ಯರಿಗೆ ಬರುವ ಮೊದಲು ಹುಳ ಇಲಿಯೊಳಗೆ ಒಂದಷ್ಟು ದಿನ ಇರಬೇಕೇನೋ ಅಂತ ಊಹಿಸಿದ್ದ. ಇಲಿ ಬೇಕಾಗಿಲ್ಲ, ಇಡೀ ಸುತ್ತು ಒಬ್ಬನೇ ಮನುಷ್ಯನೊಳಗೆ ಮುಗಿಯುತ್ತದೆ ಅಂತ ಕೊಯಿನೊ ತೋರಿಸಿದ.

[ತೆರೆ: ಸೌದಿ ಅರೇಬಿಯಾದ ನಕ್ಷೆ]

ಹಾಗಾದರೆ ಜಂತುಹುಳ ಇರುವ ಎಲ್ಲರಿಗೂ ಕೆಮ್ಮು ಬರಬೇಕಲ್ವಾ? ಬರುವುದಿಲ್ಲ. ಎರಡೋ ಮೂರೋ ಮೊಟ್ಟೆ ಹೋದರೆ ಗೊತ್ತೇ ಆಗುವುದಿಲ್ಲ. ವರ್ಷಪೂರ್ತಿ ಸ್ವಲ್ಪಸ್ವಲ್ಪ ಸೋಂಕು ತಗುಲುವ ಊರುಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ. ಕೆಮ್ಮು ಜೋರಾಗಿ ಕಾಣುವುದು ಸೋಂಕು ಒಂದೇ ಋತುವಿನಲ್ಲಿ ಬಂದು ಹೋಗುವ ಕಡೆ. 1960ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಗೆಲ್ಪಿ ಮತ್ತು ಮುಸ್ತಫಾ ಎಂಬ ವೈದ್ಯರು ಗಮನಿಸಿದ್ದು ಇದನ್ನೇ. ಪ್ರತಿ ವರ್ಷ ವಸಂತದಲ್ಲಿ ಇಯೊಸಿನೊಫಿಲ್ ಏರಿದ, ನ್ಯುಮೋನಿಯಾದಂಥ ಕಾಯಿಲೆಯವರು ಆಸ್ಪತ್ರೆಗೆ ಬರುತ್ತಿದ್ದರು. ಅಲ್ಲಿಯ ಬೇಸಿಗೆಯ ಒಣ ಬಿಸಿಲಿಗೆ ಮೊಟ್ಟೆಗಳು ಉಳಿಯುವುದಿಲ್ಲ, ತಂಪಿನ ತಿಂಗಳುಗಳಲ್ಲಿ ಮಾತ್ರ ಮಾಗುತ್ತವೆ. ಮಧ್ಯೆ ಬಿಡುವು ಸಿಕ್ಕ ದೇಹ ಮುಂದಿನ ವರ್ಷ ಹುಳ ಬಂದಾಗ ಜೋರಾಗಿ ಸಿಡಿಯುತ್ತದೆ.

[ತೆರೆ: ನಿರೂಪಕ ಎದುರಿಗೆ]

ನಮ್ಮ ಕಡೆಗೆ ಬಂದರೆ ಒಂದು ಎಚ್ಚರಿಕೆ. ಕೆಮ್ಮು ಮತ್ತು ಇಯೊಸಿನೊಫಿಲ್ ಏರಿಕೆ ಒಟ್ಟಿಗೆ ಕಂಡರೆ ಆಸ್ಕರಿಸ್ ಎಂದೇ ತೀರ್ಮಾನಿಸಬೇಡಿ. ಆನೆಕಾಲು ರೋಗ ತರುವ ಫೈಲೇರಿಯಾ ಹುಳದಿಂದಲೂ ಹೀಗಾಗುತ್ತದೆ. ಆ ಕೆಮ್ಮು ರಾತ್ರಿ ಜಾಸ್ತಿ, ವಾರಗಟ್ಟಲೆ ತಿಂಗಳುಗಟ್ಟಲೆ ಎಳೆಯುತ್ತದೆ, ಚಿಕಿತ್ಸೆಯೂ ಬೇರೆ. ಆಸ್ಕರಿಸ್ ಕೆಮ್ಮು ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಅದಕ್ಕಿಂತ ಎಳೆದರೆ ಕಾರಣ ಬೇರೆ ಹುಡುಕಬೇಕು, ಕ್ಷಯವೂ ಸೇರಿದಂತೆ.

ಇನ್ನು ಮಾತ್ರೆ. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಕರುಳಿನಲ್ಲಿರುವ ಹುಳಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಶ್ವಾಸಕೋಶದಲ್ಲಿ ದಾರಿ ಹಿಡಿದಿರುವ ಮರಿಗಳ ಮೇಲೆ ಆ ಒಂದು ಡೋಸನ್ನು ನಂಬುವ ಹಾಗಿಲ್ಲ. ಹಾಗಾಗಿ ಕೆಮ್ಮಿನ ಹೊತ್ತಿನಲ್ಲಿ ಡಾಕ್ಟರ್ ನೋಡಿಕೊಳ್ಳುವುದು ಉಸಿರನ್ನು. ಉಬ್ಬಸ ಇದ್ದರೆ ಶ್ವಾಸನಾಳ ಸಡಿಲಿಸುವ ಔಷಧಿ, ತೀರಾ ಜೋರಿದ್ದರೆ ಅವರ ನಿಗಾದಲ್ಲಿ ಸ್ಟೀರಾಯ್ಡ್. ನಮ್ಮ ಲೆಕ್ಕದ ಮಗುವಿಗೆ ಜೂನ್‌ನಲ್ಲೇ ಮಾತ್ರೆ ನುಂಗಿಸಿದ್ದರೂ ಆಗಸ್ಟ್ ಕೊನೆಗೆ ಮತ್ತೊಮ್ಮೆ ಮಲ ಪರೀಕ್ಷೆ ಮಾಡಿಸಬೇಕು, ಮೊಟ್ಟೆ ಕಂಡರೆ ಆಗ ಮಾತ್ರೆ ಕೊಡಬೇಕು.