ಸೌದಾದ್ ಅನ್ನು ಕನ್ನಡದಲ್ಲಿ ‘ಕೊಲ್ಲೋದು’ ಹೇಗೆ?

[ದೃಶ್ಯ: ಕಾರವಾರದ ಕಡಲತೀರ, ಸಂಜೆ. ನಿರೂಪಕ ಕ್ಯಾಮೆರಾ ಕಡೆ ನಡೆದು ಬರುತ್ತಾನೆ.]

ನಮಸ್ಕಾರ. ಶಿರಸಿಯ ಗೆಳತಿಯೊಬ್ಬಳು ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಾಳೆ. ಮೊನ್ನೆ ಫೋನ್ ಮಾಡಿದವಳೇ, “ಮಾರಾಯಾ, ಪೋರ್ಚುಗೀಸಿನ ಸೌದಾದ್‌ಗೆ ಕನ್ನಡದಲ್ಲಿ ಎಂತ ಹೇಳೋದು?” ಅಂದಳು. ಇವತ್ತಿನ ವಿಡಿಯೋ ಅದರ ಬಗ್ಗೆಯೇ.

[ನಕ್ಷೆ: ಕಾರವಾರ, ಅಂಜದೀವ್, ಗೋವಾ]

ಪೋರ್ಚುಗೀಸ್ ನಮಗೆ ದೂರದ ಭಾಷೆಯೇನಲ್ಲ. ಕಾರವಾರದ ಮಗ್ಗುಲಲ್ಲೇ ಇರುವ ಅಂಜದೀವ್ ದ್ವೀಪ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲೇ ಇತ್ತು. ಇನ್ನು ಸೌದಾದ್ ಅಂದರೆ, ಹತ್ತಿರ ಇಲ್ಲದ ಮನುಷ್ಯ, ಊರು, ಕಾಲ ಇವನ್ನು ನೆನೆದಾಗ ಆಗುವ ಹಿತವಾದ ಸಂಕಟ. ಇದಕ್ಕೆ ಸಮನಾದ ಪದ ಲ್ಯಾಟಿನ್‌ನಲ್ಲೂ ಇಲ್ಲ ಅಂತ ಪೋರ್ಚುಗಲ್ಲಿನ ರಾಜ ದುವಾರ್ತೆ 15ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಅಂದರೆ ‘ನಮ್ಮ ಪದ ಯಾರಿಗೂ ಸಿಗಲ್ಲ’ ಅನ್ನೋ ಜಂಬಕ್ಕೆ ಸುಮಾರು ಆರು ನೂರು ವರ್ಷ ವಯಸ್ಸು!

ನಾವು ಮೊದಲು ಕೈ ಹಾಕೋದು ‘ವಿರಹ’ಕ್ಕೆ. ಆದರೆ ವಿರಹ ಪ್ರೇಮಿಗಳ ಸ್ವತ್ತು. ಸೌದಾದ್ ಅಜ್ಜಿಯ ಮೇಲೂ ಆಗುತ್ತದೆ, ಊಟದ ಮೇಲೂ ಆಗುತ್ತದೆ. ‘ಬಂಗಡೆ ಸಾರಿನ ವಿರಹ’ ಅಂದರೆ ಜನ ನಗ್ತಾರೆ ಅಷ್ಟೇ. ‘ಹಂಬಲ’ದ ಮುಖ ಜಾಸ್ತಿ ಮುಂದಕ್ಕೆ. ಇನ್ನೂ ಸಿಗದ ಕೆಲಸಕ್ಕೂ ಹಂಬಲಿಸಬಹುದು, ಆದರೆ ಸೌದಾದ್ ಸಾಮಾನ್ಯವಾಗಿ ಒಮ್ಮೆ ಇದ್ದದ್ದರ ಮೇಲೆ. ‘ಹಳಹಳಿ’ ಹಿಂದಕ್ಕೇನೋ ನೋಡುತ್ತದೆ, ಆದರೆ ಅದರಲ್ಲಿ ‘ಛೇ, ಹೀಗಾಗಬಾರದಿತ್ತು’ ಅನ್ನೋ ಪಶ್ಚಾತ್ತಾಪ ಇದೆ, ಹಿತ ಇಲ್ಲ. ಆ ಹಿತವನ್ನು ಬಿಟ್ಟರೆ ಅರ್ಧ ಅರ್ಥವೇ ಹೋಯ್ತು. 1660ರಲ್ಲಿ ಫ್ರಾನ್ಸಿಸ್ಕು ಮನುವೆಲ್ ದ ಮೆಲು ಎಂಬ ಲೇಖಕ ಸೌದಾದನ್ನು ‘ನೋಯಿಸುವ ಒಳಿತು, ರುಚಿಸುವ ಕೆಡುಕು’ ಎಂಬರ್ಥದಲ್ಲಿ ಬಣ್ಣಿಸಿದ್ದ.

ಈಗ ನನ್ನ ಮೆಚ್ಚಿನ ಜಾಗಕ್ಕೆ ಬಂದೆ. ಇದರ ಮೇಲೆ ಸ್ವಲ್ಪ ಹೊತ್ತು ಕೂರ್ತೀನಿ, ಬೈಬೇಡಿ.

[ಪರದೆಯ ಮೇಲೆ: ಮಾತಾರ್ ಸೌದಾದ್ಸ್]

ಮಾತಾರ್ ಅಂದರೆ ಕೊಲ್ಲು. ಪೋರ್ಚುಗೀಸರು ಸೌದಾದನ್ನು ‘ಕೊಲ್ಲುತ್ತಾರೆ’! ಬಹಳ ದಿನದ ಮೇಲೆ ಭೇಟಿಯಾದರೆ ಕೊಂದ ಹಾಗೆ. ಊರಿಗೆ ಹೋಗಿ ಬೇಕಾದ್ದು ತಿಂದರೂ ಕೊಂದ ಹಾಗೆ. ಗೆಳತಿ ಸಿಕ್ಕಿಬಿದ್ದದ್ದೂ ಇಲ್ಲೇ. ಮೊಮ್ಮಗ ಬಾಗಿಲಲ್ಲಿ ನಿಂತು, ಅಜ್ಜಿಯ ಸೌದಾದ್ ಕೊಲ್ಲೋಕೆ ಬಂದೆ ಅನ್ನುತ್ತಾನೆ. ಅದನ್ನು ಪದಕ್ಕೆ ಪದ ಇಟ್ಟು ‘ಅಜ್ಜಿಯ ಹಂಬಲ ಕೊಲ್ಲಲು ಬಂದೆ’ ಅಂತ ಹಾಕಿದರೆ, ನೋಡುವವರು ಅಜ್ಜಿಯ ಆಸೆಗೇ ಇವನು ಕಲ್ಲು ಹಾಕೋಕೆ ಬಂದ ಅಂದ್ಕೋತಾರೆ.

ಕನ್ನಡದಲ್ಲಿ ಇಂಥದ್ದನ್ನು ನಾವು ಕೊಲ್ಲೋದಿಲ್ಲ. ಆಸೆ ‘ತೀರುತ್ತದೆ’, ಮನಸ್ಸು ‘ತಣಿಯುತ್ತದೆ’, ಕಣ್ಣು ‘ತುಂಬುತ್ತದೆ’. ಹಾಗಾಗಿ ನಾನು ಹೇಳಿದ್ದು: “ಅಜ್ಜೀನ ಕಣ್ತುಂಬಾ ನೋಡ್ಬೇಕು ಅನ್ನಿಸ್ತು, ಬಂದೆ.” ಇದರಲ್ಲಿ ಸೌದಾದ್‌ಗೆ ಅಂತ ಒಂದು ನಾಮಪದವೇ ಇಲ್ಲ. ಅದರ ಭಾರವನ್ನೆಲ್ಲ ‘ಕಣ್ತುಂಬಾ’ ಹೊತ್ತಿದೆ. ಇಷ್ಟು ದಿನ ನೋಡಿಲ್ಲ ಅನ್ನೋದೂ ಅದರೊಳಗೇ ಬಂತು. ಸಬ್‌ಟೈಟಲ್‌ಗೆ ಸಿಗೋದೇ ಎರಡು ಸಾಲು, ಕೆಲವೇ ಸೆಕೆಂಡು. ಅಷ್ಟರಲ್ಲಿ ಕೂರುತ್ತದೆ.

ಇದಕ್ಕೂ ಮಿತಿ ಇದೆ. ಅಜ್ಜಿ ತೀರಿಹೋಗಿದ್ದರೆ? ಪೋರ್ಚುಗೀಸಿನಲ್ಲಿ ಹಳೇ ಫೋಟೋ ನೋಡಿಯೂ ಸೌದಾದ್ ಕೊಲ್ಲಬಹುದು. ಅಲ್ಲಿ ‘ಕಣ್ತುಂಬಾ ನೋಡ್ಬೇಕು’ ಹಾಕಿದರೆ ಅಜ್ಜಿ ಬದುಕಿದ್ದಾಳೆ ಅಂತಾಯ್ತು. ಆಗ “ಅಜ್ಜಿ ನೆನಪಾಗಿ ಒಂಥರಾ ಆಯ್ತು, ಫೋಟೋ ತೆಗೆದು ನೋಡ್ತಾ ಕೂತೆ” ಅನ್ನೋದೇ ವಾಸಿ. ಆ ‘ಒಂಥರಾ’ ಇದೆಯಲ್ಲ, ಅದು ಯಾವ ನಿಘಂಟಿನ ಪದಕ್ಕೂ ಕಡಿಮೆ ಇಲ್ಲ. ನೋವೋ ಹಿತವೋ ಅಂತ ಅದು ಬಾಯಿಬಿಟ್ಟು ಹೇಳೋದೇ ಇಲ್ಲ, ಅಲ್ವಾ?

[ದೃಶ್ಯ: ನಿರೂಪಕ ವಾಚ್ ನೋಡಿಕೊಳ್ಳುತ್ತಾನೆ.]

ಟೈಮ್ ಆಯ್ತು, ಬೇರೆ ಭಾಷೆಗಳ ಇಂಥ ಪದಗಳನ್ನು ಒಟ್ಟಿಗೇ ಮುಗಿಸ್ತೀನಿ. ಪೋರ್ಚುಗೀಸರು ಸೌದಾದ್ ‘ನನ್ನ ಬಳಿ ಇದೆ’ ಅನ್ನುವ ಹಾಗೆ ಹೇಳುತ್ತಾರೆ. ವೇಲ್ಸಿನವರ ‘ಹಿರಾಯ್ತ್’, ಹೆಚ್ಚಾಗಿ ಊರು-ಮನೆಯ ಸೆಳೆತ, ಅವರ ವಾಕ್ಯದಲ್ಲಿ ‘ನನ್ನ ಮೇಲೆ’ ಇರುತ್ತದೆ. ರೊಮೇನಿಯನ್ನರ ‘ದೋರ್’ ಮಾತ್ರ ನಮ್ಮ ಹಾಗೇ, ‘ನನಗೆ’ ಆಗುವಂಥದ್ದು. ಹಾಗಾಗಿ ಅದು ‘ನಂಗೆ ನಿನ್ನ ನೆನಪು ಕಾಡ್ತಿದೆ’ ಅಂತ ಸಲೀಸಾಗಿ ಬರುತ್ತದೆ. ಜರ್ಮನ್ನಿನ ‘ಝೇನ್‌ಜುಖ್ಟ್’ ಎಂದೂ ಸಿಗದ್ದರ ಮೇಲೂ ಆಗಬಹುದು. ಅಲ್ಲಿ, ಆಗಲೇ ಪಕ್ಕಕ್ಕಿಟ್ಟ ‘ಹಂಬಲ’ವನ್ನು ಧೈರ್ಯವಾಗಿ ಹಾಕಿ.

ಸೌದಾದ್ ಅಂತಲೇ ಬಿಡಬೇಕಾದ ಕಡೆ ಒಂದೇ: ಪಾತ್ರಗಳು ಆ ಪದದ ಬಗ್ಗೆಯೇ ಮಾತಾಡುವಾಗ. ಗೆಳತಿಯ ಸಿನಿಮಾದಲ್ಲಿ ಅಂಥ ದೃಶ್ಯ ಒಂದು ಇದೆಯಂತೆ, ಅಲ್ಲಿ ಹಾಗೇ ಬಿಟ್ಟಿದ್ದಾಳೆ. ಅಜ್ಜಿಯ ಸಾಲಿಗೆ ಮಾತ್ರ ‘ಕಣ್ತುಂಬಾ’ ಹಾಕಿ ಕಳಿಸಿಯಾಗಿದೆ.