ಅಮ್ಮ ಕೊಟ್ಟ ಮಿಕ್ಸಿ, ಇಲ್ಲಿನ 120 ವೋಲ್ಟ್ ಕರೆಂಟು

ನಮಸ್ಕಾರ ಎಲ್ರಿಗೂ. ಈ ಕೌಂಟರ್ ಮೇಲೆ ಕಾಣ್ತಿರೋದು ಮೈಸೂರಿಂದ ಹಳೇ ಕಾಟನ್ ಸೀರೆ ಸುತ್ತಿ ಸೂಟ್‌ಕೇಸಲ್ಲಿ ತಂದಿರೋ ಮಿಕ್ಸಿ, ಅಮ್ಮ ಏರ್‌ಪೋರ್ಟಿಗೆ ಹೊರಡೋ ಹಿಂದಿನ ರಾತ್ರಿ ಪ್ಯಾಕ್ ಮಾಡಿಕೊಟ್ಟಿದ್ದು. ಈಗ ನಾನಿರೋದು ನ್ಯೂಜೆರ್ಸಿಲಿ. ಇವತ್ತು ಉದ್ದಿನಬೇಳೆ ರುಬ್ತಾ ರುಬ್ತಾ ಇದನ್ನ ಇಲ್ಲಿ ಹೇಗೆ ಓಡಿಸ್ತಿದ್ದೀನಿ ಅಂತ ತೋರಿಸ್ತೀನಿ.

ಮೊದ್ಲು ಮಿಕ್ಸಿನ ಮಗುಚಿ ಕೆಳಗಿರೋ ಈ ಸ್ಟಿಕ್ಕರ್ ಓದಿ. 230V ~ 50Hz 750W ಅಂತಿದೆ. ಈ ಗೋಡೆ ಸಾಕೆಟಲ್ಲಿ ಬರೋದು 120 ವೋಲ್ಟು, 60 ಹರ್ಟ್ಸು. ಈಗ ಪಕ್ಕದಲ್ಲಿರೋ ಲ್ಯಾಪ್‌ಟಾಪ್ ಚಾರ್ಜರ್ ನೋಡಿ, 100-240V ~ 50/60Hz ಅಂತ ಬರ್ದಿದೆ, ಅಂದ್ರೆ ಅದು ಎರಡೂ ದೇಶದ ಕರೆಂಟಿಗೂ ಒಗ್ಗುತ್ತೆ, ಪಿನ್ ಹೊಂದ್ಸೋಕೆ ಸಣ್ಣ ಅಡಾಪ್ಟರ್ ಒಂದಿದ್ರೆ ಸಾಕು. ಮಿಕ್ಸಿಗೆ ಆ ಅಡಾಪ್ಟರ್ ಸಾಲಲ್ಲ, ಯಾಕಂದ್ರೆ ಅದು ಬದಲಾಯ್ಸೋದು ಪಿನ್ನಿನ ಆಕಾರ ಮಾತ್ರ, ವೋಲ್ಟೇಜ್ ಅಲ್ಲ.

ಬಂದ ಮೊದಲ್ನೇ ವಾರ ನಾನು ಬರೀ ಅಡಾಪ್ಟರ್ ಹಾಕಿ ಓಡಿಸಿದ್ದೆ. ಖಾಲಿ ಜಾರು ಚೆನ್ನಾಗೇ ತಿರುಗ್ತು, ಅದಕ್ಕೇ ಸರಿಯಿದೆ ಅನ್ನಿಸ್ಬಿಡ್ತು, ಆದ್ರೆ ನೆನೆಸಿದ ಬೇಳೆ ಹಾಕಿದ ತಕ್ಷಣ ಗುಂಯ್ ಅಂತ ನರಳಿ ಬ್ಲೇಡು ನಿಂತೇಹೋಯ್ತು, ಸ್ವಲ್ಪ ಹೊತ್ತಲ್ಲಿ ಸುಟ್ಟ ವಾಸನೆ. ವೋಲ್ಟೇಜು ಅರ್ಧಕ್ಕಿಳಿದ್ರೆ ಮೋಟರ್ ತಿರುಗಿಸೋ ಬಲ ಅರ್ಧ ಅಲ್ಲ, ಹತ್ತಿರತ್ತಿರ ಕಾಲು ಭಾಗಕ್ಕೇ ಇಳಿಯುತ್ತೆ. ಬ್ಲೇಡು ನಿಂತಾಗ ಒಳಗಿನ ತಂಪಾಗಿಸೋ ಫ್ಯಾನೂ ನಿಲ್ಲುತ್ತೆ, ಕರೆಂಟ್ ಮಾತ್ರ ಹರೀತಾನೇ ಇರುತ್ತೆ, ಹಾಗಾಗಿ ಕಮ್ಮಿ ವೋಲ್ಟೇಜಲ್ಲೂ ವೈಂಡಿಂಗ್ ಸುಡುತ್ತೆ. ಅವತ್ತು ತಕ್ಷಣ ಆಫ್ ಮಾಡಿದ್ದಕ್ಕೆ ಉಳೀತು. ನಿಮ್ಮ ಮಿಕ್ಸಿ ಸದ್ದು ತಗ್ಗಿ ದಪ್ಪ ಆದ್ರೆ ಇನ್ನೊಂದು ನಿಮಿಷ ನೋಡೋಣ ಅಂತ ಕಾಯ್ಬೇಡಿ.

ಈಗ ಇದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್, ಗೋಡೆಯ 120 ವೋಲ್ಟನ್ನ 220ಕ್ಕೆ ಏರಿಸಿ ಕೊಡುತ್ತೆ, ಒಳಗೆ ಕಬ್ಬಿಣದ ಕೋರು ತಾಮ್ರದ ತಂತಿ, ಅದಕ್ಕೇ ಎತ್ತೋಕೆ ಇಷ್ಟು ಭಾರ. ನಾನು ತಗೊಂಡಿರೋದು 1500 ವ್ಯಾಟ್‌ದು. 750ರ ಮಿಕ್ಸಿಗೆ ಎರಡರಷ್ಟು ಯಾಕೆ ಅಂದ್ರೆ ಸ್ಟಾರ್ಟ್ ಆಗೋ ಕ್ಷಣ, ಆಮೇಲೆ ಗಟ್ಟಿ ಹಿಟ್ಟಿಗೆ ಸಿಕ್ಕಾಗ, ಮೋಟರ್ ಬರೆದಿರೋದಕ್ಕಿಂತ ಜಾಸ್ತಿನೇ ಎಳ್ಯುತ್ತೆ. ಅಂಗಡೀಲಿ ಹಗುರವಾದ ಪುಟ್ಟ ಕನ್ವರ್ಟರ್‌ಗಳೂ ಸಿಗುತ್ತೆ, ಮೇಲೆ ದೊಡ್ಡ ವ್ಯಾಟೇಜ್ ಬರ್ದಿರುತ್ತೆ, ಅದಕ್ಕೆ ಆಸೆ ಬೀಳ್ಬೇಡಿ. ಅವು ಕರೆಂಟಿನ ಅಲೆಯನ್ನ ಅಂದಗೆಡಿಸಿ ಕೊಡ್ತವೆ, ಹೇರ್ ಡ್ರೈಯರ್ ಥರ ಬಿಸಿ ಮಾಡೋ ಸಾಮಾನಿಗೆ ಅಂತ ಮಾಡಿರೋದು, ಮೋಟರಿಗಲ್ಲ.

ಮಾಡೋದು ಹೀಗೆ, ಟ್ರಾನ್ಸ್‌ಫಾರ್ಮರ್ ಆಫ್ ಇರೋವಾಗ್ಲೇ ಅದರ 220 ಸಾಕೆಟಿಗೆ ಮಿಕ್ಸಿ ಹಾಕಿ, ಆಮೇಲೆ ಟ್ರಾನ್ಸ್‌ಫಾರ್ಮರನ್ನ ಗೋಡೆಗೆ ಹಾಕಿ ಆನ್ ಮಾಡಿ, ಕೊನೇಗೆ ಮಿಕ್ಸಿ ಒಂದನೇ ಸ್ಪೀಡಲ್ಲಿ. ಮಿಕ್ಸಿಗೆ ಮೂರು ಪಿನ್ನಿದ್ರೆ ಅರ್ತಿಂಗ್ ಇರೋ ಸಾಕೆಟ್ಟೇ ಬೇಕು, ಎರಡು ಪಿನ್ನಿನ ಅಡಾಪ್ಟರಲ್ಲಿ ತುರುಕ್ಬೇಡಿ. ಈ ಗೋಡೆ ಸಾಕೆಟ್ 15 ಆಂಪ್ಸ್‌ದು, ಮಿಕ್ಸಿ ಒಂದೇ ಇಲ್ಲಿ ಆರೂವರೆ ಆಂಪ್ಸ್ ಹತ್ರ ಎಳ್ಯುತ್ತೆ, ಹಾಗಾಗಿ ಅದೇ ಲೈನಲ್ಲಿ ಮೈಕ್ರೋವೇವ್ ಹಾಕಿದ್ರೆ ಬ್ರೇಕರ್ ಬೀಳುತ್ತೆ. ಇಲ್ಲೇ ತಗೊಂಡ ಕಾಫಿ ಮೇಕರ್ ಮರೆತು ಆ 220 ಸಾಕೆಟಿಗೆ ಹಾಕಿದ್ರೆ ಅದು ಮುಗೀತು ಅಂತ್ಲೇ ಲೆಕ್ಕ, ಅದಕ್ಕೇ ನಾನು ಆ ಸಾಕೆಟ್ ಮೇಲೆ ಕೆಂಪು ಟೇಪ್ ಅಂಟಿಸಿದ್ದೀನಿ. ರುಬ್ಬಿದ್ಮೇಲೆ ಟ್ರಾನ್ಸ್‌ಫಾರ್ಮರನ್ನೂ ಆಫ್ ಮಾಡಿ, ಇಲ್ದಿದ್ರೆ ಸುಮ್ನೆ ಗುಯ್‌ಗುಡ್ತಾ ಬಿಸಿಯಾಗ್ತಿರುತ್ತೆ.

ಹರ್ಟ್ಸ್ ವಿಷಯ? ಟ್ರಾನ್ಸ್‌ಫಾರ್ಮರ್ 60ನ್ನ 50 ಮಾಡಲ್ಲ. ಮಿಕ್ಸಿಗೆ ಅದರಿಂದ ತೊಂದ್ರೆ ಇಲ್ಲ, ಅದರ ಮೋಟರಲ್ಲಿ ಕಾರ್ಬನ್ ಬ್ರಷ್ ಇರುತ್ತೆ, ಸ್ಪೀಡಿಗೂ ಹರ್ಟ್ಸಿಗೂ ನಂಟಿಲ್ಲ. ವೆಟ್ ಗ್ರೈಂಡರ್ ಹಾಗಲ್ಲ, ಅದರಲ್ಲಿರೋದು ಇಂಡಕ್ಷನ್ ಮೋಟರ್, ಸ್ಪೀಡು ಹರ್ಟ್ಸ್ ಹಿಂದೆಯೇ ಹೋಗುತ್ತೆ, ಇಲ್ಲಿ ಶೇಕಡಾ 20ರಷ್ಟು ಜೋರಾಗಿ ತಿರುಗುತ್ತೆ, ಬಲ ಮಾತ್ರ ಕಮ್ಮಿ, ಹಿಟ್ಟು ತುಂಬಿದಾಗ ಸ್ಟಾರ್ಟ್ ಆಗೋಕೇ ಒದ್ದಾಡುತ್ತೆ.

ಮುಂದಿನ ತಿಂಗಳು ನಮ್ಮ ಅಕ್ಕನೂ ಇಲ್ಲಿಗೆ ಬರ್ತಿದ್ದಾಳೆ, ಮನೇಲಿರೋ ಟಿಲ್ಟಿಂಗ್ ಗ್ರೈಂಡರ್ ತರ್ಲಾ ಅಂತ ನಿನ್ನೆ ಫೋನ್ ಮಾಡಿದ್ಲು. ತಳದ ಪ್ಲೇಟ್ ಫೋಟೋ ತೆಗೆದು ಕಳಿಸು ಅಂದೆ, ಬರೀ 50Hz ಅಂತಿತ್ತು. ಅದನ್ನ ಅಮ್ಮಂಗೇ ಬಿಟ್ಟು ಬಾ ಅಕ್ಕ, 110 ವೋಲ್ಟು 60 ಹರ್ಟ್ಸಿಂದು ಇಲ್ಲೇ ತಗೊಳ್ಳೋಣ, ಆ ತೂಕಕ್ಕೆ ಹುಳಿಪುಡಿ ಚಟ್ನಿಪುಡಿ ತುಂಬ್ಕೊಂಡು ಬಾ ಅಂದೆ.